ಒಂದೇ ಲೆಕ್ಕ, ನಾಲ್ಕು ಉತ್ತರ: ಕ್ಯಾಲ್ಕುಲೇಟರಿನ ಪರ್ಸೆಂಟ್ ಬಟನ್ ಬಳಸುವುದು ಹೇಗೆ?

ನೂರು ರೂಪಾಯಿಗೆ ಶೇ 10 ಸೇರಿಸಿದರೆ ಎಷ್ಟಾಗುತ್ತದೆ? ಬಾಯಿಲೆಕ್ಕ ಬಲ್ಲ ಯಾರಾದರೂ ನೂರಾಹತ್ತು ಎನ್ನುತ್ತಾರೆ. ಇದನ್ನೇ 100 + 10 % ಎಂದು ಯಂತ್ರಕ್ಕೆ ಒತ್ತಿದಾಗ ಬರುವ ಉತ್ತರ, ಆ ಯಂತ್ರ ಯಾವುದು ಎಂಬುದರ ಮೇಲೆ ನಿಂತಿದೆ. ಮೊಬೈಲಿನಲ್ಲಿರುವ ಗೂಗಲ್ ಕ್ಯಾಲ್ಕುಲೇಟರ್ 110 ಎನ್ನುತ್ತದೆ. ಅಂಗಡಿಗಳ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕಾಣುವ ಕ್ಯಾಸಿಯೊದ ಅನೇಕ ಮೇಜಿನ ಮಾದರಿಗಳು 111.1111 ತೋರಿಸುತ್ತವೆ. ಎಕ್ಸೆಲ್‌ನ ಕೋಶವೊಂದರಲ್ಲಿ =100+10% ಎಂದು ಟೈಪ್ ಮಾಡಿದರೆ 100.1 ಬರುತ್ತದೆ. ಕಾಲೇಜು ವಿದ್ಯಾರ್ಥಿಗಳು ವರ್ಷಗಟ್ಟಲೆ ಬಳಸಿದ ಕ್ಯಾಸಿಯೊದ fx-82MS ಎಂಬ ವೈಜ್ಞಾನಿಕ ಕ್ಯಾಲ್ಕುಲೇಟರಿನಲ್ಲಿ SHIFT ಒತ್ತಿ % ಬಳಸಿದರೆ ಪರದೆಯ ಮೇಲೆ 1100 ಮೂಡುತ್ತದೆ.

ಈ ನಾಲ್ಕರಲ್ಲಿ ಒಂದೂ ಕೆಟ್ಟಿಲ್ಲ. ನಾಲ್ಕೂ ತಮ್ಮ ತಮ್ಮ ಕೈಪಿಡಿಯಲ್ಲಿ ಹೇಳಿದಂತೆಯೇ ನಡೆಯುತ್ತಿವೆ. ಕೂಡುವ, ಕಳೆಯುವ ಬಟನ್‌ಗಳ ಅರ್ಥ ಎಲ್ಲ ಯಂತ್ರಗಳಲ್ಲೂ ಒಂದೇ ಆಗಿರುವಂತೆ ಪರ್ಸೆಂಟ್ ಬಟನ್ನಿನ ಅರ್ಥ ಒಂದೇ ಆಗಿಲ್ಲ. ಅದನ್ನು ತಿಳಿಯದೆ ಬಳಸಿದವರು ಬಿಲ್ಲಿನಲ್ಲಿ, ಮಾರಾಟದ ಬೆಲೆಯಲ್ಲಿ, ತೆರಿಗೆಯ ಲೆಕ್ಕದಲ್ಲಿ ತಪ್ಪು ಮಾಡುತ್ತಾರೆ. ತಪ್ಪಾಗಿದೆ ಎಂಬ ಸುಳಿವೂ ಸಿಗುವುದಿಲ್ಲ, ಏಕೆಂದರೆ ಯಂತ್ರ ಎರರ್ ತೋರಿಸದೆ ಯಾವುದೋ ಒಂದು ಅಂಕಿಯನ್ನು ಕೊಟ್ಟುಬಿಡುತ್ತದೆ.

ಬಟನ್ ಒತ್ತಿದಾಗ ಒಳಗೆ ಏನಾಗುತ್ತದೆ?

ಸಾಮಾನ್ಯ ಕ್ಯಾಲ್ಕುಲೇಟರ್ ಒಂದು ಸಲಕ್ಕೆ ನೆನಪಿಟ್ಟುಕೊಳ್ಳುವುದು ಮೂರನ್ನು ಮಾತ್ರ: ಮೊದಲು ಒತ್ತಿದ ಸಂಖ್ಯೆ, ಆಮೇಲೆ ಒತ್ತಿದ ಚಿಹ್ನೆ, ಈಗ ಪರದೆಯ ಮೇಲಿರುವ ಸಂಖ್ಯೆ. % ಒತ್ತಿದ ಕೂಡಲೇ ಅದು ನಡುವಿನ ಚಿಹ್ನೆ ಯಾವುದೆಂದು ನೋಡುತ್ತದೆ. ಗುಣಾಕಾರವಿದ್ದರೆ ಎರಡನ್ನೂ ಗುಣಿಸಿ ನೂರರಿಂದ ಭಾಗಿಸುತ್ತದೆ. ಭಾಗಾಕಾರವಿದ್ದರೆ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ನೂರರಿಂದ ಗುಣಿಸುತ್ತದೆ. ಈ ಎರಡರ ವಿಷಯದಲ್ಲಿ ತಯಾರಕರ ನಡುವೆ ಭಿನ್ನಾಭಿಪ್ರಾಯವಿಲ್ಲ.

ಚಿಹ್ನೆ ಕೂಡುವುದೋ ಕಳೆಯುವುದೋ ಆಗಿದ್ದಾಗ ದಾರಿಗಳು ಬೇರೆಯಾಗುತ್ತವೆ. ಮೊಬೈಲ್ ಆ್ಯಪ್ ಮಾಡಿದವರು, ಜನ ಮಾತಿನಲ್ಲಿ ಹೇಳುವ ‘ನೂರಕ್ಕೆ ಹತ್ತು ಪರ್ಸೆಂಟ್ ಸೇರಿಸು’ ಎಂಬ ಅರ್ಥವನ್ನೇ ಇಟ್ಟುಕೊಂಡರು. ಮೊದಲ ಸಂಖ್ಯೆಯ ಹತ್ತನೇ ಒಂದು ಭಾಗ ತೆಗೆದು ಅದಕ್ಕೇ ಕೂಡುವುದರಿಂದ 110 ಬರುತ್ತದೆ. ಕ್ಯಾಸಿಯೊದ ಮೇಜಿನ ಮಾದರಿಗಳು ಅದನ್ನು ವ್ಯಾಪಾರಿಯ ಪ್ರಶ್ನೆಯಾಗಿ ಓದುತ್ತವೆ: ನೂರು ರೂಪಾಯಿಗೆ ಕೊಂಡ ಮಾಲನ್ನು ಎಷ್ಟಕ್ಕೆ ಮಾರಿದರೆ ಮಾರುವ ಬೆಲೆಯಲ್ಲಿ ಶೇ 10 ಲಾಭವಾಗುತ್ತದೆ? ಉತ್ತರ 111 ರೂಪಾಯಿ 11 ಪೈಸೆ. ಎಕ್ಸೆಲ್‌ನಲ್ಲಿ % ಎಂದರೆ ‘ಪಕ್ಕದ ಸಂಖ್ಯೆಯನ್ನು ನೂರರಿಂದ ಭಾಗಿಸು’ ಎಂದಷ್ಟೇ ಅರ್ಥ. 10% ಎಂದರೆ 0.1, ಅದನ್ನು ನೂರಕ್ಕೆ ಕೂಡಿದರೆ 100.1. fx-82MS ಮಾತ್ರ ಪ್ರಯೋಗಾಲಯದ ಲೆಕ್ಕ ಹಾಕುತ್ತದೆ. ಹತ್ತು ಗ್ರಾಂ ಇದ್ದ ವಸ್ತುವಿಗೆ ನೂರು ಗ್ರಾಂ ಸೇರಿಸಿದರೆ ಈಗಿನ ತೂಕ ಮೊದಲಿನ ತೂಕದ ಶೇಕಡ ಎಷ್ಟು ಎಂದು ಅದು ಹೇಳುತ್ತದೆ. ಮೊದಲು ಹತ್ತಿತ್ತು, ಈಗ ನೂರಾಹತ್ತು, ಹಾಗಾಗಿ ಶೇ 1100.

ಒಂದೇ ಕಂಪನಿಯ ಎರಡು ಯಂತ್ರಗಳೂ ಒಂದೇ ರೀತಿ ನಡೆಯುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. fx-82MS ನಂತರ ಬಂದ fx-82ES ಎಕ್ಸೆಲ್‌ನ ಹಾದಿ ಹಿಡಿದಿದೆ. ಅದರಲ್ಲಿ % ಎಂದರೆ ನೂರರಿಂದ ಭಾಗಿಸುವುದಷ್ಟೇ. ಅಣ್ಣನ ಹಳೆಯ ಕ್ಯಾಲ್ಕುಲೇಟರಿನಲ್ಲಿ ಕಲಿತ ತಂಗಿ ಹೊಸದನ್ನು ಕೊಂಡಾಗ ಕೈಗೆ ರೂಢಿಯಾದ ಕ್ರಮ ಕೆಲಸಕ್ಕೆ ಬಾರದಿರುವುದು ಇದರಿಂದಲೇ.

ಯಂತ್ರದ ಗುಣ ತಿಳಿಯುವ ಪರೀಕ್ಷೆ

ಹೊಸ ಕ್ಯಾಲ್ಕುಲೇಟರ್ ಕೊಂಡಾಗ, ಫೋನ್ ಬದಲಾಯಿಸಿದಾಗ ಅಥವಾ ಬೇರೆಯವರ ಮೇಜಿನ ಮೇಲಿರುವ ಯಂತ್ರವನ್ನು ಬಳಸಬೇಕಾದಾಗ, ನಿಜವಾದ ಲೆಕ್ಕಕ್ಕೆ ಮುಂಚೆ ಉತ್ತರ ಗೊತ್ತಿರುವ ಒಂದು ಲೆಕ್ಕವನ್ನು ಕೊಟ್ಟು ನೋಡಬೇಕು. ಅದಕ್ಕೆ ಮೇಲಿನ ಉದಾಹರಣೆಯೇ ಸಾಕು:

```
100 + 10 %
```

ಪರದೆಯಲ್ಲಿ 110 ಬಂದರೆ ಅದು ಮಾತಿನ ಅರ್ಥದಂತೆ ನಡೆಯುವ ಯಂತ್ರ. 111.11 ಬಂದರೆ ವ್ಯಾಪಾರಿಯ ಲಾಭದ ಲೆಕ್ಕ ಹಾಕುವ ಯಂತ್ರ. 100.1 ಬಂದರೆ % ಅಲ್ಲಿ ನೂರರಿಂದ ಭಾಗಿಸುವ ಗುರುತು ಮಾತ್ರ.

ಕೆಲವು ಕಡೆ % ಒತ್ತಿದ ಕೂಡಲೇ ಪರದೆಯ ಮೇಲೆ 10 ಎಂದಷ್ಟೇ ಉಳಿಯುತ್ತದೆ. ಕಂಪ್ಯೂಟರಿನ ವಿಂಡೋಸ್ ಕ್ಯಾಲ್ಕುಲೇಟರ್ ಹೀಗೆ ಮಾಡುತ್ತದೆ. ಆ ಹತ್ತು ಟೈಪ್ ಮಾಡಿದ ಹತ್ತಲ್ಲ, ನೂರರ ಶೇ 10. ನೂರರ ಬದಲು 200 ಹಾಕಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. 200 + 10 % ಎಂದಾಗ ಪರದೆಯಲ್ಲಿ 20 ಬರುತ್ತದೆ, = ಒತ್ತಿದಾಗ 220 ಆಗುತ್ತದೆ. ಗಡಿಬಿಡಿಯಲ್ಲಿ ಇರುವವರು 20 ನೋಡಿ ಅದನ್ನೇ ಉತ್ತರವೆಂದು ಬರೆದುಕೊಳ್ಳುವುದುಂಟು. ಮೇಜಿನ ಕ್ಯಾಲ್ಕುಲೇಟರಿನಲ್ಲಿ % ಒತ್ತಿದಾಗಲೇ ಲೆಕ್ಕ ಮುಗಿದಿರುತ್ತದೆ, ಅಲ್ಲಿ = ಬೇಕಿಲ್ಲ. ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ = ಒತ್ತಿದ ಮೇಲೆಯೇ ಲೆಕ್ಕ ಮುಗಿಯುವುದು.

ಈ ವ್ಯತ್ಯಾಸದಿಂದ ಆಗುವ ಎಡವಟ್ಟು ಸಣ್ಣದಲ್ಲ. ವಿಂಡೋಸ್‌ನ ಹಳೆಯ ಆವೃತ್ತಿಗಳಲ್ಲಿ 200 × 10 % ಎಂದರೆ ಪರದೆಯಲ್ಲಿ 20 ಬರುತ್ತಿತ್ತು. ಅದೇ ಸರಿಯಾದ ಉತ್ತರವಾಗಿತ್ತು. ಅಭ್ಯಾಸಬಲದಿಂದ = ಒತ್ತಿದರೆ ಯಂತ್ರ ಇನ್ನೂರನ್ನು ಇಪ್ಪತ್ತರಿಂದ ಗುಣಿಸಿ 4000 ಎನ್ನುತ್ತಿತ್ತು. ಮೇಜಿನ ಯಂತ್ರಗಳಲ್ಲೂ % ಆದಮೇಲೆ = ಒತ್ತಿದರೆ ಕೆಲವು ಮಾದರಿಗಳು ಹಿಂದಿನ ಲೆಕ್ಕವನ್ನು ಇನ್ನೊಮ್ಮೆ ಮುಂದುವರಿಸಿಬಿಡುತ್ತವೆ. ಆದ್ದರಿಂದ ಪರೀಕ್ಷೆ ಮಾಡುವಾಗ ಯಾವ ಬಟನ್ನಿಗೆ ಉತ್ತರ ಬಂತು ಎಂಬುದನ್ನೂ ನೋಡಿಟ್ಟುಕೊಳ್ಳಬೇಕು.

ಎಲ್ಲ ಯಂತ್ರಗಳೂ ಒಪ್ಪುವ ಎರಡು ಚಿಹ್ನೆಗಳು

ಯಂತ್ರ ಬದಲಾದಾಗಲೆಲ್ಲ ಕ್ರಮ ಬದಲಿಸುತ್ತ ಕೂರಲು ಯಾರಿಗೂ ಪುರಸೊತ್ತಿಲ್ಲ. ಅದರ ಅಗತ್ಯವೂ ಇಲ್ಲ. % ಬಟನ್ನನ್ನು ಗುಣಾಕಾರ ಮತ್ತು ಭಾಗಾಕಾರದ ಜೊತೆಗೆ ಮಾತ್ರ ಬಳಸಿದರೆ ಮೇಜಿನ ಯಂತ್ರ, ಮೊಬೈಲ್, ಎಕ್ಸೆಲ್, ವೈಜ್ಞಾನಿಕ ಕ್ಯಾಲ್ಕುಲೇಟರ್ ಎಲ್ಲವೂ ಒಂದೇ ಉತ್ತರ ಕೊಡುತ್ತವೆ.

ಒಂದು ಮೊತ್ತದ ಇಷ್ಟು ಭಾಗ ಎಷ್ಟು ಎಂದು ಕೇಳುವಾಗ ಗುಣಾಕಾರ ಬೇಕು. 2500 ರೂಪಾಯಿಯ ಶೇ 18 ಎಷ್ಟು ಎಂಬುದಕ್ಕೆ 2500 × 18 % ಎಂದು ಒತ್ತಿದರೆ 450. ಒಂದು ಸಂಖ್ಯೆ ಇನ್ನೊಂದರ ಶೇಕಡ ಎಷ್ಟು ಎಂದು ಕೇಳುವಾಗ ಭಾಗಾಕಾರ ಬೇಕು. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 547 ಅಂಕ ಬಂದಿದ್ದರೆ 547 ÷ 625 % ಎಂದು ಒತ್ತಿದಾಗ 87.52 ಬರುತ್ತದೆ. ಇದೇ ಶೇಕಡಾವಾರು.

ಇಲ್ಲಿ ಎರಡು ತಪ್ಪುಗಳು ಹೆಚ್ಚು. ಅಂಕದ ಲೆಕ್ಕದಲ್ಲಿ ಮೊದಲು = ಒತ್ತಿ 0.8752 ಬರಿಸಿಕೊಂಡು, ‘ಇದನ್ನು ಪರ್ಸೆಂಟ್ ಮಾಡೋಣ’ ಎಂದು ಆಮೇಲೆ % ಒತ್ತುವುದು ಮೊದಲನೆಯದು. ಮೊಬೈಲಿನಲ್ಲಿ ಅದು ಮತ್ತೆ ನೂರರಿಂದ ಭಾಗಿಸಿ 0.008752 ಮಾಡಿಬಿಡುತ್ತದೆ. = ಒತ್ತಿಬಿಟ್ಟಿದ್ದರೆ ಆಮೇಲೆ ನೂರರಿಂದ ಗುಣಿಸಬೇಕೇ ಹೊರತು % ಒತ್ತಬಾರದು. ಎರಡನೆಯದು ಸಂಖ್ಯೆಗಳ ಸ್ಥಾನ. ಮಾತಿನಲ್ಲಿ ‘ಹದಿನೆಂಟು ಪರ್ಸೆಂಟ್’ ಮೊದಲು ಬಂತೆಂದು 18 % × 2500 ಎಂದು ಒತ್ತುವವರಿದ್ದಾರೆ. ನೂರರಿಂದ ಭಾಗಿಸುವ ಯಂತ್ರದಲ್ಲಿ ಇದು ಸರಿಹೋಗುತ್ತದೆ. ವಿಂಡೋಸ್ ಕ್ಯಾಲ್ಕುಲೇಟರಿನಲ್ಲಿ ಹಿಂದೆ ಯಾವ ಸಂಖ್ಯೆಯೂ ಇಲ್ಲದೆ 18 % ಒತ್ತಿದರೆ ಸೊನ್ನೆ ಬರುತ್ತದೆ, ಮುಂದಿನದೆಲ್ಲ ಸೊನ್ನೆಯೇ. ಆದ್ದರಿಂದ ಮೊದಲು ಮೊತ್ತ, ನಡುವೆ ಚಿಹ್ನೆ, ಕೊನೆಗೆ ದರ ಮತ್ತು % ಎಂಬ ಕ್ರಮವನ್ನು ಬಿಡಬಾರದು.

ಹಾಗಾದರೆ ಸೇರಿಸುವ, ಕಳೆಯುವ ಲೆಕ್ಕಗಳಿಗೆ ಏನು ಮಾಡಬೇಕು? ಕೂಡುವ ಕೆಲಸವನ್ನು ಯಂತ್ರಕ್ಕೆ ಬಿಡದೆ ದರದಲ್ಲಿಯೇ ಮುಗಿಸಿಬಿಡಬೇಕು. ಶೇ 18 ಸೇರಿಸಬೇಕಾದರೆ ನೂರಕ್ಕೆ ಹದಿನೆಂಟು ಕೂಡಿ 118 ಮಾಡಿಕೊಳ್ಳುವುದು, ಶೇ 20 ಕಳೆಯಬೇಕಾದರೆ ನೂರರಿಂದ ಇಪ್ಪತ್ತು ಕಳೆದು 80 ಮಾಡಿಕೊಳ್ಳುವುದು. ಅಷ್ಟು ಬಾಯಿಲೆಕ್ಕ ಎಲ್ಲರಿಗೂ ಬರುತ್ತದೆ. ಆಮೇಲೆ ಹೀಗೆ ಒತ್ತಿದರೆ ಸಾಕು:

```
2500 × 118 %   →  2950
 750 ×  80 %   →   600
```

ಇದನ್ನೇ 1.18 ಅಥವಾ 0.8ರಿಂದ ಗುಣಿಸಿಯೂ ಮಾಡಬಹುದು, ಲೆಕ್ಕಪತ್ರ ಬರೆಯುವವರು ಹೆಚ್ಚಾಗಿ ಹಾಗೆಯೇ ಮಾಡುತ್ತಾರೆ. ಆದರೆ ಅಲ್ಲಿ ದಶಾಂಶ ಬಿಂದುವಿನ ಅಪಾಯವಿದೆ. ಶೇ 5 ಸೇರಿಸುವಾಗ 1.05 ಎನ್ನುವ ಬದಲು 1.5 ಒತ್ತಿದರೆ ಸೇರುವುದು ಶೇ 50. 105 % ಎಂದು ಒತ್ತುವವರಿಗೆ ಈ ತಪ್ಪು ಆಗುವುದೇ ಇಲ್ಲ.

ತೆರಿಗೆ ಸೇರಿದ ಬೆಲೆಯಿಂದ ತೆರಿಗೆ ಬಿಡಿಸುವಾಗ

ಪರ್ಸೆಂಟ್ ಬಟನ್ನಿನ ತಪ್ಪುಗಳಲ್ಲಿ ಅತಿ ಹೆಚ್ಚು ನಡೆಯುವುದು ಇದು, ಮತ್ತು ಇದರಲ್ಲಿ ಯಂತ್ರದ ಪಾಲಿಗಿಂತ ಬಳಸುವವರ ಪಾಲೇ ದೊಡ್ಡದು. ಒಂದು ಬಣ್ಣದ ಅಂಗಡಿಯ ಉದಾಹರಣೆ ತೆಗೆದುಕೊಳ್ಳೋಣ. ಪೇಂಟ್ ಡಬ್ಬಿಯೊಂದರ ಬೆಲೆ ಎಲ್ಲ ಸೇರಿ 2950 ರೂಪಾಯಿ. ಬಣ್ಣಕ್ಕೆ ಜಿಎಸ್‌ಟಿ ಶೇ 18. ಕೊಂಡ ಗುತ್ತಿಗೆದಾರರು ತೆರಿಗೆಯನ್ನು ಬೇರೆಯಾಗಿ ತೋರಿಸಿದ ಬಿಲ್ ಕೇಳುತ್ತಾರೆ. ಅಂಗಡಿಯವರು ಮೊಬೈಲ್ ತೆಗೆದು 2950 − 18 % ಎಂದು ಒತ್ತುತ್ತಾರೆ. 2419 ಬರುತ್ತದೆ. ಬಿಲ್ಲಿನಲ್ಲಿ ಮಾಲಿನ ಬೆಲೆ 2419, ತೆರಿಗೆ 531 ಎಂದು ಬರೆಯುತ್ತಾರೆ. ಎರಡನ್ನೂ ಕೂಡಿದರೆ 2950 ಸರಿಯಾಗಿಯೇ ಬರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಯಂತ್ರ ಇಲ್ಲಿ ಕೇಳಿದ್ದನ್ನೇ ಮಾಡಿದೆ. 2950ರ ಶೇ 18 ಅಂದರೆ 531ನ್ನು ಕಳೆದಿದೆ. ಆದರೆ ತೆರಿಗೆ ಹಾಕಿದ್ದು 2950ರ ಮೇಲಲ್ಲ, ಅದಕ್ಕಿಂತ ಕಡಿಮೆಯಿದ್ದ ಮೂಲ ಬೆಲೆಯ ಮೇಲೆ. ಮೂಲ ಬೆಲೆಯನ್ನು ನೂರು ಎಂದುಕೊಂಡರೆ ತೆರಿಗೆ ಸೇರಿದ ಬೆಲೆ ನೂರಾಹದಿನೆಂಟು. ಕೈಯಲ್ಲಿರುವುದು ಆ ನೂರಾಹದಿನೆಂಟು ಭಾಗ, ಬೇಕಾಗಿರುವುದು ನೂರು ಭಾಗ. ಹಾಗಾಗಿ ಇಲ್ಲಿ ಕಳೆಯುವ ಮಾತೇ ಇಲ್ಲ, ಭಾಗಿಸಬೇಕು:

```
2950 ÷ 118 %   →  2500
```

ಮೂಲ ಬೆಲೆ 2500, ತೆರಿಗೆ 450. ಕರ್ನಾಟಕದ ಅಂಗಡಿ ಕರ್ನಾಟಕದವರಿಗೇ ಮಾರಿದ ಮಾಲಾದರೆ ಇದರಲ್ಲಿ 225 ಕೇಂದ್ರದ ಸಿಜಿಎಸ್‌ಟಿ, 225 ರಾಜ್ಯದ ಎಸ್‌ಜಿಎಸ್‌ಟಿ. ತಪ್ಪು ಬಿಲ್ಲಿಗೂ ಸರಿ ಬಿಲ್ಲಿಗೂ ಒಂದೇ ಡಬ್ಬಿಯಲ್ಲಿ 81 ರೂಪಾಯಿಯ ವ್ಯತ್ಯಾಸ.

ತಪ್ಪನ್ನು ಪತ್ತೆ ಮಾಡುವುದು ಕಷ್ಟವಲ್ಲ. ಬಿಲ್ಲಿನಲ್ಲಿರುವ ತೆರಿಗೆ ಮಾಲಿನ ಬೆಲೆಯ ಶೇಕಡ ಎಷ್ಟು ಎಂದು ತೆಗೆದು ನೋಡಬೇಕು. ತಪ್ಪು ಬಿಲ್ಲಿನಲ್ಲಿ 531 ÷ 2419 % ಎಂದರೆ 21.95 ಬರುತ್ತದೆ, ಅಂದರೆ ಶೇ 18ರ ಬದಲು ಸುಮಾರು ಶೇ 22 ತೆರಿಗೆ ಬರೆದಂತಾಯಿತು. ಸರಿ ಬಿಲ್ಲಿನಲ್ಲಿ 450 ÷ 2500 % ಎಂದಾಗ ಕರಾರುವಾಕ್ಕಾಗಿ 18 ಬರುತ್ತದೆ. ಗ್ರಾಹಕರೂ ತಮ್ಮ ಕೈಗೆ ಬಂದ ಬಿಲ್ಲನ್ನು ಹೀಗೆ ನೋಡಿಕೊಳ್ಳಬಹುದು.

ಕೆಲವು ಕ್ಯಾಲ್ಕುಲೇಟರ್‌ಗಳಲ್ಲಿ TAX+ ಮತ್ತು TAX− ಎಂಬ ಬಟನ್‌ಗಳಿರುತ್ತವೆ. ಭಾರತದ ಮಾರುಕಟ್ಟೆಗೆಂದೇ ಜಿಎಸ್‌ಟಿ ದರಗಳ ಬಟನ್ ಇರುವ ಮಾದರಿಗಳೂ ಬಂದಿವೆ. TAX− ಬಟನ್ ಮೇಲೆ ಹೇಳಿದಂತೆ ಸರಿಯಾಗಿ ಭಾಗಿಸಿ ಮೂಲ ಬೆಲೆ ಕೊಡುತ್ತದೆ. ಆದರೆ ಅದು ನಂಬುವುದು ಒಳಗೆ ಉಳಿಸಿಟ್ಟ ದರವನ್ನು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ ಶೇ 12 ಮತ್ತು ಶೇ 28ರ ಹಂತಗಳನ್ನು ತೆಗೆದು ಬಹುತೇಕ ಸರಕುಗಳನ್ನು ಶೇ 5 ಹಾಗೂ ಶೇ 18ಕ್ಕೆ ತರಲಾಯಿತು. ಸಿಮೆಂಟಿನ ದರ ಶೇ 28ರಿಂದ 18ಕ್ಕೆ ಇಳಿದದ್ದು ಆಗಲೇ. ಹಳೆಯ 28ನ್ನೇ ಉಳಿಸಿಕೊಂಡ ಯಂತ್ರದಲ್ಲಿ 354 ರೂಪಾಯಿಯ ಸಿಮೆಂಟ್ ಚೀಲಕ್ಕೆ TAX− ಒತ್ತಿದರೆ ಮೂಲ ಬೆಲೆ 276.56 ಎಂದು ಬರುತ್ತದೆ, ನಿಜವಾದ ಮೂಲ ಬೆಲೆ 300. ಅಂಥ ಯಂತ್ರ ಇರುವವರು 118 ಎಂದು ಹಾಕಿ TAX− ಒತ್ತಿ ನೋಡಬೇಕು. ನೂರು ಬಂದರೆ ಒಳಗಿರುವ ದರ 18. ಬೇರೇನಾದರೂ ಬಂದರೆ ಕೈಪಿಡಿ ನೋಡಿ ದರವನ್ನು ಹೊಸದಾಗಿ ಕೂರಿಸಬೇಕು.

ಲಾಭ ಯಾವುದರ ಮೇಲೆ?

ಕ್ಯಾಸಿಯೊದ 111.11 ಎಂಬ ಉತ್ತರ ಮೊದಲ ನೋಟಕ್ಕೆ ವಿಚಿತ್ರವಾಗಿ ಕಂಡರೂ ಅಂಗಡಿ ನಡೆಸುವವರಿಗೆ ಅದರ ಒಳಗುಟ್ಟು ತಿಳಿದಿರಬೇಕು. 600 ರೂಪಾಯಿಗೆ ತಂದ ಮಾಲಿಗೆ ‘ಇಪ್ಪತ್ತು ಪರ್ಸೆಂಟ್ ಲಾಭ’ ಇಟ್ಟು ಮಾರಬೇಕು ಎಂದುಕೊಳ್ಳೋಣ. ಅಸಲಿನ ಮೇಲೆ ಶೇ 20 ಎಂದಾದರೆ ಬೆಲೆ 720. ಮಾರುವ ಬೆಲೆಯಲ್ಲಿ ಶೇ 20 ತನಗೆ ಉಳಿಯಬೇಕು ಎಂದಾದರೆ ಬೆಲೆ 750. ಮೊದಲನೆಯದರಲ್ಲಿ ಲಾಭ 120 ರೂಪಾಯಿ, ಎರಡನೆಯದರಲ್ಲಿ 150. ಎರಡೂ ‘ಶೇ 20’ರ ಲೆಕ್ಕವೇ.

600 + 20 % ಎಂದು ಒತ್ತಿದಾಗ ಮೊಬೈಲ್ 720 ಎನ್ನುತ್ತದೆ, ಲಾಭದ ಲೆಕ್ಕ ಹಾಕುವ ಮೇಜಿನ ಯಂತ್ರ 750 ಎನ್ನುತ್ತದೆ. ಸಿಟಿಜನ್‌ನಂಥ ಕ್ಯಾಲ್ಕುಲೇಟರ್‌ಗಳಲ್ಲಿ ಈ ಕೆಲಸಕ್ಕೆಂದೇ MU ಎಂಬ ಬೇರೆ ಬಟನ್ ಇದೆ. ಅದರಲ್ಲಿ 600 ÷ 20 MU ಎಂದು ಒತ್ತಿದರೆ 750 ಸಿಗುತ್ತದೆ. ಬಹಳ ಮಂದಿ ಇದನ್ನು ಯಾವತ್ತೂ ಮುಟ್ಟಿಯೇ ಇರುವುದಿಲ್ಲ.

ವ್ಯಾಪಾರಿಗೆ 750ರ ಲೆಕ್ಕ ಏಕೆ ಬೇಕು ಎಂಬುದು ರಿಯಾಯಿತಿ ಕೊಡುವ ದಿನ ಗೊತ್ತಾಗುತ್ತದೆ. 720 ಬೆಲೆ ಇಟ್ಟವರು, ‘ಹೇಗೂ ಶೇ 20 ಲಾಭ ಇಟ್ಟಿದ್ದೇನೆ, ಅಷ್ಟನ್ನು ಬಿಟ್ಟುಕೊಟ್ಟರೂ ಅಸಲು ಬರುತ್ತದೆ’ ಎಂದು ಶೇ 20 ರಿಯಾಯಿತಿ ಘೋಷಿಸಿದರೆ ಕೈಗೆ ಬರುವುದು 720 × 80 %, ಅಂದರೆ 576 ರೂಪಾಯಿ. ಅಸಲಿಗಿಂತ 24 ರೂಪಾಯಿ ಕಡಿಮೆ. 750 ಇಟ್ಟವರು ಅದೇ ರಿಯಾಯಿತಿ ಕೊಟ್ಟರೆ 600 ಬರುತ್ತದೆ, ಲಾಭವೂ ಇಲ್ಲ, ನಷ್ಟವೂ ಇಲ್ಲ. ರಿಯಾಯಿತಿ ಕಳೆಯುವುದು ಯಾವಾಗಲೂ ಮಾರುವ ಬೆಲೆಯ ಮೇಲೆ. ಆದ್ದರಿಂದ ಅದಕ್ಕೆ ಸರಿತೂಗಬೇಕಾದ ಲಾಭವನ್ನೂ ಮಾರುವ ಬೆಲೆಯ ಮೇಲೆಯೇ ಲೆಕ್ಕ ಹಾಕಬೇಕು.

ಎಲ್ಲ ಯಂತ್ರದಲ್ಲೂ ನಡೆಯುವ ಕ್ರಮ ಇಲ್ಲಿಗೂ ಹೊಂದುತ್ತದೆ. ಅಸಲಿನ ಮೇಲೆ ಶೇ 20 ಬೇಕಾದರೆ 600 × 120 %. ಮಾರುವ ಬೆಲೆಯಲ್ಲಿ ಶೇ 20 ಉಳಿಯಬೇಕಾದರೆ ಅಸಲು ಉಳಿದ 80 ಭಾಗವಾಗುತ್ತದೆ, ಹಾಗಾಗಿ 600 ÷ 80 %. ಇವೆರಡನ್ನೂ ಹೀಗೆ ಒತ್ತಿದಾಗ, ತನಗೆ ಬೇಕಾದದ್ದು ಯಾವ ಲಾಭ ಎಂಬ ತೀರ್ಮಾನವನ್ನು ಯಂತ್ರ ತಯಾರಿಸಿದವರು ಮಾಡದೆ ಅಂಗಡಿಯವರೇ ಮಾಡಿದಂತಾಗುತ್ತದೆ.

ಈ ಬಗೆಯ ಮೇಜಿನ ಯಂತ್ರಗಳಲ್ಲಿ ಕ್ಯಾಸಿಯೊ ಹೇಳಿಕೊಡುವ ಇನ್ನೊಂದು ಕ್ರಮವಿದೆ. 2500 × 15 % + ಎಂದು, ಕೂಡುವ ಚಿಹ್ನೆಯನ್ನು ಕೊನೆಯಲ್ಲಿ ಒತ್ತಿದರೆ ಶೇ 15 ಸೇರಿ 2875 ಬರುತ್ತದೆ. 3500 × 25 % − ಎಂದರೆ ಶೇ 25 ಕಳೆದು 2625. ಒಂದೇ ಯಂತ್ರದಲ್ಲಿ ದಿನವಿಡೀ ಕೆಲಸ ಮಾಡುವವರಿಗೆ ಇದು ಬಹಳ ಅನುಕೂಲ, ಏಕೆಂದರೆ ನಡುವೆ ರಿಯಾಯಿತಿಯ ಮೊತ್ತವೂ ಕಾಣುತ್ತದೆ. ಆದರೆ ಇದೇ ಕ್ರಮವನ್ನು ಮೊಬೈಲಿನಲ್ಲಿ ಒತ್ತಿದರೆ ಕೊನೆಯ ಚಿಹ್ನೆಯ ಮುಂದೆ ಇನ್ನೊಂದು ಸಂಖ್ಯೆ ಬರುತ್ತದೆಂದು ಫೋನ್ ಕಾಯುತ್ತ ಕೂರುತ್ತದೆ.

‘50% + 20%’ ಎಂಬ ಬೋರ್ಡ್

ಆಷಾಢ ಬಂತೆಂದರೆ ಊರೂರಿನ ಬಟ್ಟೆ ಅಂಗಡಿಗಳ ಮುಂದೆ ಈ ಬೋರ್ಡ್ ಕಾಣುತ್ತದೆ. 2400 ರೂಪಾಯಿಯ ಸೀರೆಗೆ ಐವತ್ತು ಮತ್ತು ಇಪ್ಪತ್ತು ಸೇರಿ ಎಪ್ಪತ್ತು ಎಂದುಕೊಂಡ ಗ್ರಾಹಕರು ಮೊಬೈಲಿನಲ್ಲಿ 70 ಪರ್ಸೆಂಟ್ ಕಳೆದು 720 ಎಂದು ನಿರೀಕ್ಷಿಸುತ್ತಾರೆ. ಬಿಲ್ಲಿನಲ್ಲಿ 960 ಇರುತ್ತದೆ. ಮೋಸವಾಯಿತು ಎಂಬ ವಾದ ಶುರುವಾಗುತ್ತದೆ.

ಅಂಗಡಿಯವರು ಇಪ್ಪತ್ತನ್ನು ಕಳೆದಿರುವುದು ಮೊದಲ ರಿಯಾಯಿತಿ ಆದಮೇಲೆ ಉಳಿದ ಮೊತ್ತದಿಂದ. 2400 × 50 % ಎಂದರೆ 1200. ಅದರಿಂದ ಮುಂದಕ್ಕೆ 1200 × 80 % ಎಂದರೆ 960. ಒಟ್ಟು ರಿಯಾಯಿತಿ ಎಷ್ಟೆಂದು ತಿಳಿಯಲು ಕೊಟ್ಟ ಹಣವನ್ನು ಮೊದಲಿನ ಬೆಲೆಯಿಂದ ಭಾಗಿಸಬೇಕು. 960 ÷ 2400 % ಎಂದರೆ 40, ಅಂದರೆ ಬೆಲೆಯ ಶೇ 40 ಕೊಟ್ಟಿದ್ದೇವೆ, ಬಿಟ್ಟದ್ದು ಶೇ 60. ‘50% + 20%’ ಎಂಬುದು ನಿಜದಲ್ಲಿ ಶೇ 60ರ ರಿಯಾಯಿತಿ. ಒಂದರ ಮೇಲೊಂದು ಬರುವ ಶೇಕಡಾವಾರುಗಳನ್ನು ಕೂಡಬಾರದು, ಒಂದೊಂದನ್ನೇ ಗುಣಿಸುತ್ತ ಹೋಗಬೇಕು, ಪ್ರತಿ ಹೆಜ್ಜೆಯಲ್ಲೂ ಉತ್ತರ ಬರಿಸಿಕೊಂಡೇ ಮುಂದಿನದಕ್ಕೆ ಹೋಗಬೇಕು.

ಏರಿಕೆಯ ಲೆಕ್ಕಕ್ಕೂ ಇದೇ ಭಾಗಾಕಾರ ಸಾಕು. ಬಾಡಿಗೆ 12,000ದಿಂದ 13,200ಕ್ಕೆ ಏರಿದರೆ ಹೊಸದನ್ನು ಹಳೆಯದರಿಂದ ಭಾಗಿಸಿ 13200 ÷ 12000 % ಎಂದು ಒತ್ತಬೇಕು. 110 ಬಂತು, ಅಂದರೆ ನೂರಿದ್ದದ್ದು ನೂರಾಹತ್ತಾಗಿದೆ, ಏರಿಕೆ ಶೇ 10. ಬಂದ ಉತ್ತರ ನೂರಕ್ಕಿಂತ ಕಡಿಮೆಯಿದ್ದರೆ ಅದು ಇಳಿಕೆ. ಇಲ್ಲಿ ಭಾಗಿಸುವ ಸಂಖ್ಯೆ ಯಾವಾಗಲೂ ಹಳೆಯದೇ ಆಗಿರಬೇಕು. ಅದಲು ಬದಲಾಗಿ 12000 ÷ 13200 % ಎಂದು ಒತ್ತಿದರೆ 90.9 ಬರುತ್ತದೆ. ಅದನ್ನು ನೋಡಿ ಏರಿಕೆ ಶೇ 9.1 ಎಂದು ಹೇಳಿದರೆ ತಪ್ಪಾಗುತ್ತದೆ.

ಬಟನ್ ಸರಿ, ಸ್ವಿಚ್ ತಪ್ಪು

ಎಲ್ಲವನ್ನೂ ಸರಿಯಾಗಿ ಒತ್ತಿದರೂ ಮೇಜಿನ ಕ್ಯಾಲ್ಕುಲೇಟರ್ ತಪ್ಪು ತೋರಿಸುವ ಸಂದರ್ಭ ಒಂದಿದೆ. ಪರದೆಯ ಕೆಳಗೆ F, 4, 2, 0, A ಇಂಥ ಅಕ್ಷರ ಮತ್ತು ಅಂಕಿಗಳಿರುವ ಜಾರುವ ಸ್ವಿಚ್ ಕೆಲವು ಮಾದರಿಗಳಲ್ಲಿರುತ್ತದೆ. ಉತ್ತರದಲ್ಲಿ ದಶಾಂಶದ ಎಷ್ಟು ಅಂಕಿ ಉಳಿಯಬೇಕು ಎಂದು ಅದು ತೀರ್ಮಾನಿಸುತ್ತದೆ. ಒರೆಸುವಾಗಲೋ ಚೀಲದಲ್ಲಿ ಹಾಕುವಾಗಲೋ ಅದು ಸೊನ್ನೆಗೆ ಜಾರಿರಬಹುದು. ಶೇ 5 ತೆರಿಗೆ ಸೇರಿ 499 ರೂಪಾಯಿ ಇರುವ ಮಾಲಿನ ಮೂಲ ಬೆಲೆ ತೆಗೆಯಲು 499 ÷ 105 % ಎಂದು ಒತ್ತಿದರೆ ಸರಿಯಾದ ಉತ್ತರ 475.238. ಸ್ವಿಚ್ 0 ಮೇಲಿದ್ದರೆ ಯಂತ್ರ 475 ಎಂದಷ್ಟೇ ತೋರಿಸುತ್ತದೆ. ತೆರಿಗೆ 23 ರೂಪಾಯಿ 76 ಪೈಸೆ ಆಗಬೇಕಾದಲ್ಲಿ 24 ಎಂದು ಬರೆದುಕೊಳ್ಳುವಂತಾಗುತ್ತದೆ.

A ಎಂಬುದು ಇನ್ನೂ ಗೊಂದಲ ಹುಟ್ಟಿಸುತ್ತದೆ. ರೂಪಾಯಿ ಪೈಸೆಯನ್ನು ಬಿಂದು ಒತ್ತದೆ ವೇಗವಾಗಿ ಕೂಡುವವರಿಗಾಗಿ ಇರುವ ಸೌಕರ್ಯವದು. ಅದರಲ್ಲಿ 499 ಒತ್ತಿ ಕೂಡುವ ಚಿಹ್ನೆ ಮುಟ್ಟಿದರೆ ಯಂತ್ರ ಅದನ್ನು 4.99 ಎಂದು ತೆಗೆದುಕೊಳ್ಳುತ್ತದೆ. ಪರ್ಸೆಂಟ್ ಲೆಕ್ಕ ಮಾಡುವಾಗ ಸ್ವಿಚ್ F ಮೇಲಿದ್ದರೆ ಪೂರ್ತಿ ದಶಾಂಶ ಕಾಣುತ್ತದೆ. ಪೈಸೆಗೆ ಹೊಂದಿಸುವ ಕೆಲಸವನ್ನು ಕೊನೆಯಲ್ಲಿ ಒಮ್ಮೆ ಮಾತ್ರ ಮಾಡಬೇಕು. ನಡುನಡುವೆ ಪೂರ್ಣಾಂಕ ಮಾಡುತ್ತ ಹೋದರೆ ಉದ್ದದ ಬಿಲ್ಲಿನಲ್ಲಿ ಒಟ್ಟು ಮೊತ್ತ ಹೊಂದುವುದೇ ಇಲ್ಲ.

ಪರ್ಸೆಂಟ್ ಲೆಕ್ಕ ಯಾವುದೇ ಇರಲಿ, + ಮತ್ತು − ಚಿಹ್ನೆಗಳ ಪಕ್ಕದಲ್ಲಿ % ಬಟನ್ನನ್ನು ಬಳಸದಿರುವುದೇ ಕ್ಷೇಮ. ಸೇರಿಸುವಾಗ ನೂರರ ಮೇಲಿನ ಸಂಖ್ಯೆಯಿಂದ, ಬಿಡುವಾಗ ನೂರರ ಕೆಳಗಿನ ಸಂಖ್ಯೆಯಿಂದ ಗುಣಿಸಬೇಕು. ಸೇರಿದ್ದನ್ನು ಬಿಡಿಸುವಾಗ ಅದೇ ಸಂಖ್ಯೆಯಿಂದ ಭಾಗಿಸಬೇಕು. ಉತ್ತರ ಬಂದ ಮೇಲೆ ಒಮ್ಮೆ ಹಿಂದಕ್ಕೆ ಲೆಕ್ಕ ಹಾಕಿ, ಹೊರಟ ಸಂಖ್ಯೆ ಮರಳಿ ಬರುತ್ತದೆಯೇ ನೋಡಿ: 2500 × 118 % ಒತ್ತಿದಾಗ 2950 ಬಂದರೆ ಬಿಲ್ ಬರೆಯಬಹುದು, ಬಾರದಿದ್ದರೆ ಬರೆಯುವ ಮುನ್ನ ಇನ್ನೊಮ್ಮೆ ಲೆಕ್ಕ ಮಾಡಿ.